ಬಾಡಿಗೆ ಮನೆಗೆ ಗೆದ್ದಲು ಔಷಧಿ: ಮೂರನೇ ನೋಟಿಸ್‌ನಲ್ಲಿ ಕೆಲಸ ಆಯ್ತು

ಮೈಸೂರಲ್ಲಿ ನಮ್ಮ ಕೆಳಗಿನ ಮನೆಯನ್ನು ಬಾಡಿಗೆಗೆ ಕೊಟ್ಟಿದ್ದೇವೆ. ಸುಮಾರು 650 ಚದರಡಿ. ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗ್ತಾರೆ, ಎರಡು ವರ್ಷದ ಮಗು, ಜೊತೆಗೆ ದಮ್ಮು ಇರುವ ಅಜ್ಜಿ. ರೂಮಿನ ಬಾಗಿಲ ಚೌಕಟ್ಟು ಗೆದ್ದಲು ಹಿಡಿದು, ಬೆರಳಲ್ಲಿ ತಟ್ಟಿದರೆ ಡಬ್ಬದ ಹಾಗೆ ಸದ್ದು ಬರ್ತಿತ್ತು.

ಮೊದಲ ಸಲ ವಾಟ್ಸಾಪ್‌ನಲ್ಲಿ "ಭಾನುವಾರ ಔಷಧಿಯವರು ಬರ್ತಾರೆ, ಸಹಕರಿಸಿ" ಅಂತ ಕಳಿಸಿದ್ದೆ. ಅವರು ಬಂದಾಗ ಬೀರು, ಮಂಚ ಎಲ್ಲಾ ಗೋಡೆಗೆ ಅಂಟಿಕೊಂಡೇ ಇತ್ತು, ಗೋಡೆ ಬುಡದಲ್ಲಿ ತೂತು ಹಾಕಿ ಔಷಧಿ ಬಿಡಬೇಕು, ಡ್ರಿಲ್ ಇಡಲು ಜಾಗ ಇಲ್ಲ. ವಾಪಸ್ ಹೋದರು, ಬಂದ ಖರ್ಚು ಅಂತ 500 ರೂಪಾಯಿ ತಗೊಂಡರು. ಎರಡನೇ ಸಲ "ಮನೆ ಕ್ಲೀನ್ ಮಾಡಿಡಿ" ಅಂತ ಬರೆದೆ. ಅದೇ ದೊಡ್ಡ ತಪ್ಪು. ಮೇಡಂ ಪಾಪ ಗೆದ್ದಲು ಗೋಡೆ ಮೇಲೆ ಕಟ್ಟಿದ ಮಣ್ಣಿನ ಗೆರೆಗಳನ್ನೆಲ್ಲಾ ಕೆರೆದು ಒರೆಸಿ, ಮೇಲೆ ಜಿರಳೆ ಸ್ಪ್ರೇ ಬೇರೆ ಹೊಡೆದಿದ್ದರು. ಗೆದ್ದಲು ಎಲ್ಲಿಂದ ಹತ್ತುತ್ತಿದೆ ಅಂತ ಗೊತ್ತಾಗಲಿಲ್ಲ. ನಾವು ಹಾಕಿಸಿದ್ದು ಇಮಿಡಾಕ್ಲೋಪ್ರಿಡ್ ಅನ್ನೋ ಔಷಧಿ. ಅದರ ವಾಸನೆ ಗೆದ್ದಲಿಗೆ ತಿಳಿಯೋದಿಲ್ಲ, ಅದರಲ್ಲೇ ಓಡಾಡಿ ನಿಧಾನಕ್ಕೆ ಸಾಯುತ್ತೆ. ಸ್ಪ್ರೇ ಹೊಡೆದ ಕಡೆಗೆ ಗೆದ್ದಲು ಬರೋದೇ ಇಲ್ಲ, ಹಾಗಾದರೆ ಕೆಳಗಿನ ಔಷಧಿ ಮುಟ್ಟೋದು ಹೇಗೆ? ಎರಡು ತಿಂಗಳಿಗೆ ಅಡುಗೆಮನೆ ಪಕ್ಕದಲ್ಲಿ ಹೊಸ ಗೆರೆ ಬಂತು. ಸುಮಾರು 6,000 ರೂಪಾಯಿ ನೀರಲ್ಲಿ ಹೋಯ್ತು.

ಮೂರನೇ ಸಲ ಕಾಗದದ ಮೇಲೆ ಬರೆದು ಹತ್ತು ದಿನ ಮೊದಲೇ ಕೊಟ್ಟೆ. "ಬಾಡಿಗೆಯವರಿಗೆ ಯಾರಾದರೂ ಪತ್ರ ಬರೀತಾರಾ, ಬಾಯಲ್ಲಿ ಹೇಳಿದರೆ ಸಾಲದಾ" ಅಂತ ಪಕ್ಕದ ಮನೆ ಓನರ್ ಹೇಳಿದ್ದರು. ನಾನು ಬಿಡಲಿಲ್ಲ. ಬರೆದದ್ದು ಹೀಗೆ:

"ಮೇಡಂ, ಫೆಬ್ರವರಿ 21, ಶನಿವಾರ ಬೆಳಗ್ಗೆ 9ಕ್ಕೆ ಗೆದ್ದಲು ಕೆಲಸ ಶುರು, ಮಧ್ಯಾಹ್ನ 1ಕ್ಕೆ ಮುಗಿಯುತ್ತೆ. ಆಗದಿದ್ದರೆ 28ಕ್ಕೆ ಇಟ್ಟುಕೊಳ್ಳೋಣ, 15ರೊಳಗೆ ಹೇಳಿ. ಶುಕ್ರವಾರ ರಾತ್ರಿ ಬೀರು, ಮಂಚ, ಫ್ರಿಜ್ ಗೋಡೆಯಿಂದ ಎರಡಡಿ ಈಚೆ ಎಳೆದಿಡಿ, ಭಾರ ಇದ್ದರೆ ನಾನು ಬಂದು ಎಳೀತೀನಿ. ಗೋಡೆ ಮೇಲಿನ ಮಣ್ಣಿನ ಗೆರೆ ದಯವಿಟ್ಟು ಮುಟ್ಟಬೇಡಿ, ಒರೆಸಬೇಡಿ, ಯಾವ ಸ್ಪ್ರೇಯನ್ನೂ ಹೊಡೆಯಬೇಡಿ. ಪಾತ್ರೆ, ದಿನಸಿ ಮುಚ್ಚಿಡಿ. ಮೀನಿನ ತೊಟ್ಟಿ ನಮ್ಮ ಮನೆಗೆ ಕೊಡಿ. ಅಜ್ಜಿ, ಮಗು ಬೆಳಗ್ಗೆ 8:30ಕ್ಕೆ ಮೇಲೆ ನಮ್ಮ ಮನೆಗೆ ಬಂದು ಸಂಜೆ 6ರವರೆಗೆ ಇರಲಿ. ಕೆಲಸ ಮುಗಿದ ಮೇಲೆ ಕಿಟಕಿ ತೆಗೆದಿರುತ್ತೆ, ಫ್ಯಾನ್ ಹಾಕಿರ್ತೀನಿ. ನೆಲ ಒಣಗೋವರೆಗೆ ಮಗುವನ್ನು ಕೆಳಗೆ ಬಿಡಬೇಡಿ. ಮೂರು ದಿನ ಗೋಡೆ ಪಕ್ಕ ಒದ್ದೆ ಬಟ್ಟೆಯಲ್ಲಿ ಒರೆಸಬೇಡಿ. ಔಷಧಿ ಕೈಗೆ ತಾಗಿದರೆ ಸೋಪು ಹಾಕಿ ತೊಳೀರಿ."

ಕೊನೆಗೆ ಔಷಧಿಯ ಹೆಸರು ಬರೆದು, ಡಬ್ಬದ ಲೇಬಲ್ ಫೋಟೋ ಜೊತೆಗಿಟ್ಟೆ. ಅಜ್ಜಿಯನ್ನು ನೋಡುವ ಡಾಕ್ಟರಿಗೆ ಅದನ್ನು ತೋರಿಸಿದ್ದರಿಂದ ಬಾಡಿಗೆಯವರ ಭಯ ಅರ್ಧ ಕಡಿಮೆ ಆಯ್ತು.

ಆ ದಿನ ಔಷಧಿ ಬೆರೆಸೋಕೆ ನೀರೂ ಬೇಕಿತ್ತು. ಗೋಡೆ, ನೆಲ ಸೇರೋ ಕಡೆ ಒಂದಡಿಗೊಂದರಂತೆ 12 ಮಿಮೀ ತೂತು, ನಮ್ಮ ಮನೆಗೆ 150 ಹತ್ತಿರ ಆಯ್ತು. ಒಂದೊಂದಕ್ಕೆ ಒಂದು ಲೀಟರಿನವರೆಗೆ ಹಿಡಿಯುತ್ತೆ. ಲೀಟರಿಗೆ ಎರಡು ಎಂಎಲ್‌ ಚಿಲ್ಲರೆ ಔಷಧಿ, ಲೇಬಲ್‌ನಲ್ಲಿರೋ ಹಾಗೇ. ನೀರು ಬಾರದ ದಿನ ಇಟ್ಟುಕೊಂಡರೆ ಬಾಡಿಗೆಯವರ ಸಂಪೇ ಖಾಲಿ. ಹಿಂದಿನ ದಿನವೇ ಡ್ರಮ್ ತುಂಬಿಸಿದ್ದೆ. ಸಂಪಿಗೆ ತಾಗಿದ ಗೋಡೆಗೆ ಮಾತ್ರ ತೂತು ಹಾಕಿಸಲೇ ಇಲ್ಲ. ಔಷಧಿ ಕುಡಿಯೋ ನೀರಿಗೆ ಇಳಿದರೆ ಗತಿ ಏನು? ಬಾತ್‌ರೂಮ್ ಪೈಪು ಹೋದ ಕಡೆ ಚಾಕ್‌ಪೀಸ್‌ನಲ್ಲಿ ಗುರುತು ಹಾಕಿದ್ದೆ, ಒಂದೂ ಪೈಪು ಒಡೀಲಿಲ್ಲ. ತೂತಿಗೆ ಬಿಳಿ ಸಿಮೆಂಟ್ ತುಂಬಿಸಿದೆವು. ಅದು ಟೈಲ್ಸ್ ಬಣ್ಣಕ್ಕೇ ಬರೋ ಹಾಗೆ ನಾನೊಂದು ಪುಡಿ ಬೆರೆಸ್ತೀನಿ, ಅದನ್ನು ಮಾತ್ರ ಇಲ್ಲಿ ಹೇಳಲ್ಲ. ಒಟ್ಟು ಖರ್ಚು 9,000ದ ಆಸುಪಾಸು.

ಈ ನಡುವೆ ಇನ್ನೊಂದು ಮಾಡಿ ನೋಡಿದೆ. ಕಾಂಪೌಂಡ್ ಒಳಗೆ ಒದ್ದೆ ರಟ್ಟಿನ ತುಂಡು ಮಣ್ಣಲ್ಲಿ ಹೂತು, ಮೇಲೆ ಇಟ್ಟಿಗೆ ಇಟ್ಟೆ. ಹದಿನೈದು ದಿನಕ್ಕೊಮ್ಮೆ ಎತ್ತಿ ನೋಡ್ತೀನಿ. ಗೆದ್ದಲು ಬಂದಿದ್ದರೆ ಮನೆಗಿಂತ ಮೊದಲು ಅಲ್ಲಿ ಕಾಣಬಹುದು. ಸೀಮೆಎಣ್ಣೆ, ಹಳೇ ಇಂಜಿನ್ ಆಯಿಲ್ ಎರಡೂ ಹಿಂದೆ ಹಾಕಿದ್ದೆ, ವಾಸನೆ ಬಿಟ್ಟರೆ ಏನೂ ಸಿಗಲಿಲ್ಲ.

ಯುಗಾದಿ ಮುಗಿದ ಮೇಲೆ ಹೋಗಿ ನೋಡಿದೆ. ಮೇಡಂ ಹಾಗೇ ಬಿಟ್ಟಿದ್ದ ಗೆರೆಗಳನ್ನು ಕಡ್ಡಿಯಿಂದ ಒಡೆದರೆ ಒಳಗೆಲ್ಲಾ ಒಣ ಮಣ್ಣು, ಒಂದು ಹುಳವೂ ಇಲ್ಲ. ಒಡೆದ ಜಾಗ ಗೆದ್ದಲು ಇದ್ದರೆ ಬೇಗ ಮತ್ತೆ ಮುಚ್ಚಿಕೊಳ್ಳುತ್ತೆ. ಹತ್ತು ದಿನ ಬಿಟ್ಟು ಪುನಃ ನೋಡಿದೆ, ಒಡೆದದ್ದು ಒಡೆದ ಹಾಗೇ ಇತ್ತು. ಈಗ ಪಕ್ಕದ ಮನೆಯವರು ಆ ಪತ್ರದ ಝೆರಾಕ್ಸ್ ಕೇಳಿದ್ದಾರೆ. ಟೊಳ್ಳಾದ ಚೌಕಟ್ಟಿನ ಅರ್ಧ ಭಾಗ ಮಾತ್ರ ಬದಲಿಸಬೇಕು, ಬಡಗಿ ಮುಂದಿನ ವಾರ ಬರ್ತಾನೆ. ಅದಕ್ಕೂ ನೋಟಿಸ್ ಬರೆದಿಟ್ಟಿದ್ದೀನಿ.