ಬೇಕರಿಯ ಮೀಟರ್ ಕಡಿಮೆ ಓದುತ್ತಿದ್ದುದು ಹೇಗೆ ಗೊತ್ತಾಯಿತು

ಬೆಳಗಾವಿಯ ನಮ್ಮ ಕಟ್ಟಡದಲ್ಲಿ ಕೆಳಗೆ ಬೇಕರಿ, ಮೇಲೆ ಮನೆಗಳಿವೆ. ಮುಖ್ಯ ಮೀಟರ್ ತಿಂಗಳಿಗೆ 6,200 ಯೂನಿಟ್ ತೋರಿಸಿದರೆ ಉಪಮೀಟರ್‌ಗಳ ಮೊತ್ತ 4,610 ಮಾತ್ರ ಆಗುತ್ತಿತ್ತು. ಉಳಿದುದನ್ನು ಎಲ್ಲರಿಗೂ ಹಂಚುತ್ತಿದ್ದುದರಿಂದ ಮನೆಯವರ ತಕರಾರು ನಿಲ್ಲುತ್ತಿರಲಿಲ್ಲ. ಪಂಪು ಮತ್ತು ಮೆಟ್ಟಿಲ ದೀಪಗಳಿಗೂ ಬೇರೆ ಮೀಟರ್ ಇದ್ದುದರಿಂದ ಇಷ್ಟು ವ್ಯತ್ಯಾಸಕ್ಕೆ ಕಾರಣವೇ ಕಾಣಲಿಲ್ಲ.

ಮೀಟರ್‌ಗಳು ಆರ್‌ಎಸ್-485 ಎಂಬ ಡೇಟಾ ತಂತಿಯಲ್ಲಿ ಮಾಡ್‌ಬಸ್ ಎಂಬ ಸಂವಹನ ಪದ್ಧತಿಯ ಮೂಲಕ ಓದಿಸಿಕೊಳ್ಳುತ್ತವೆ. ಒಟ್ಟು ಯೂನಿಟ್ ಬಿಟ್ಟು ಪ್ರತಿ ಫೇಸಿನ ಕಿಲೋವ್ಯಾಟ್ ಓದಿಸಿದಾಗ, ಬೇಕರಿಯ ಓವನ್ ನಡೆಯುತ್ತಿದ್ದ ಹೊತ್ತಿಗೆ 2.1, ಮೈನಸ್ 2.1, 2.1 ಎಂದು ಬಂತು. ನಡುವಿನ ಫೇಸಿನ ಸಿಟಿ, ಅಂದರೆ ತಂತಿಯ ಕರೆಂಟನ್ನು ಅಳತೆಗೆ ತಗ್ಗಿಸಿ ಮೀಟರ್‌ಗೆ ಕೊಡುವ ಕರೆಂಟ್ ಟ್ರಾನ್ಸ್‌ಫಾರ್ಮರ್, ತಿರುವುಮುರುವಾಗಿ ಕೂತಿತ್ತು. ಮೂರೂ ಸೇರಬೇಕಾದಲ್ಲಿ ಒಂದು ಕಳೆಯುತ್ತಿದ್ದುದರಿಂದ ಮೀಟರ್ ನಿಜಬಳಕೆಯ ಮೂರನೆಯ ಒಂದು ಭಾಗವನ್ನಷ್ಟೇ, ಅಂದರೆ 2,250ರ ಬದಲು 750 ಯೂನಿಟ್ ಬರೆಯುತ್ತಿತ್ತು.

ಕರೆಂಟು ಹರಿಯುವಾಗ ಸಿಟಿಯ ತಂತಿ ಬಿಚ್ಚುವುದು ಅಪಾಯಕರವಾದ್ದರಿಂದ, ಸಪ್ಲೈ ತೆಗೆಸಿ ಎಲೆಕ್ಟ್ರಿಷಿಯನ್ ಅದನ್ನು ತಿರುಗಿಸಿ ಹಾಕಿದರು. ಮುಂದಿನ ತಿಂಗಳ ವ್ಯತ್ಯಾಸ 90 ಯೂನಿಟ್‌ಗೆ ಇಳಿಯಿತು. ಹಳೆಯ ಬಾಕಿಯ ಬಗ್ಗೆ ಬೇಕರಿಯವರೊಂದಿಗೆ ಮಾತು ಇನ್ನೂ ನಡೆದಿದೆ.