ಕಾಗದದ ಒಕ್ಕಣೆಯನ್ನು ಹಾಡಿಗೆ ಇಳಿಸಿದ ಬಗೆ

ತಮ್ಮನೊಬ್ಬ ದೂರದಲ್ಲಿರುವ ಅಕ್ಕನಿಗೆ ಬರೆದ ಕಾಗದವೇ ಹಾಡಾಗಬೇಕಿತ್ತು. ಕಾಗದದಲ್ಲಿ ಸಂಬೋಧನೆ ಬರುವುದು ಒಮ್ಮೆ, ಸಹಿ ಬೀಳುವುದು ಒಮ್ಮೆ. ಪಲ್ಲವಿಯಾದರೋ ಪ್ರತಿ ಚರಣದ ಬೆನ್ನಿಗೂ ಮರಳಿ ಬರುತ್ತದೆ. ‘ಪ್ರೀತಿಯ ಅಕ್ಕನಿಗೆ’ ಎಂದು ಪಲ್ಲವಿ ಶುರುಮಾಡಿದರೆ ಪ್ರತಿ ಸಲವೂ ಹೊಸ ಕಾಗದ ತೆರೆದಂತೆ ಕೇಳುತ್ತದೆ. ಹಾಗಾಗಿ ಎಷ್ಟು ಸಲ ಕೇಳಿದರೂ ಸಹಜವೆನಿಸುವ ಕುಶಲಪ್ರಶ್ನೆಯನ್ನೇ ಪಲ್ಲವಿಗೆ ಆರಿಸಿಕೊಂಡೆ:

ಅಕ್ಕ ನೀನು ಹೇಗೆ ಇರುವೆ
ಇಲ್ಲಿ ಎಲ್ಲ ಕ್ಷೇಮ

ಮೂರು ಮಾತ್ರೆಯ ನಡೆ. ಮೊದಲ ಸಾಲಿಗೆ ನಾಲ್ಕು ಗಣ, ಎರಡನೆಯದಕ್ಕೆ ಮೂರು. ಸಂಬೋಧನೆ ‘ಅಕ್ಕ’ ಎಂಬುದರಲ್ಲೇ ಮುಗಿಯಿತು.

ಸುದ್ದಿಯೆಲ್ಲ ಚರಣಗಳಿಗೆ. ಇಲ್ಲಿ ನಾನು ಬಿಗಿಯಾಗಿ ಹಿಡಿದ ನಿಯಮ ಒಂದೇ: ಅಕ್ಕನಿಗೆ ಗೊತ್ತಿರುವುದನ್ನು ತಮ್ಮ ಹೇಳಕೂಡದು. ‘ನೀನು ಮನೆ ಬಿಟ್ಟು ವರುಷವಾಯಿತು’ ಎಂದು ಯಾರೂ ಅಕ್ಕನಿಗೇ ಬರೆಯುವುದಿಲ್ಲ. ಅದು ಕೇಳುಗರಿಗಾಗಿ ತುರುಕಿದ ಮಾತೆಂದು ತಕ್ಷಣ ತಿಳಿಯುತ್ತದೆ. ಅದರ ಬದಲು ಮೊದಲ ಚರಣದಲ್ಲಿ ಹೀಗೆ ಬರೆದೆ:

ನೀನು ನೆಟ್ಟ ಗಿಡದ ತುಂಬ
ಮೊಗ್ಗು ಬಂತು ಈಗ

ಅಕ್ಕನಿಗೆ ಇದು ಸುದ್ದಿ. ಅವಳು ಹೋಗಿ ಬಹಳ ದಿನವಾಗಿದೆ ಎಂಬುದು ಕೇಳುಗರಿಗೆ ತಾನಾಗಿ ಸಿಗುತ್ತದೆ.

ಭಾರದ ಸುದ್ದಿಯನ್ನು ಎರಡನೇ ಚರಣದ ಕೊನೆಗೆ ಇಟ್ಟೆ. ಕಾಗದ ಬರೆಯುವವರೂ ಅದನ್ನು ಸಾಧ್ಯವಾದಷ್ಟು ಮುಂದೂಡುತ್ತಾರೆ.

ಅಪ್ಪ ಈಗ ಕೋಲು ಹಿಡಿದು
ಅಂಗಳಕ್ಕೆ ಮಾತ್ರ

ಇದಾದ ಮೇಲೆ ‘ಇಲ್ಲಿ ಎಲ್ಲ ಕ್ಷೇಮ’ ಮರಳಿ ಬಂದಾಗ ಅಕ್ಷರ ಅವೇ, ಅರ್ಥ ಬೇರೆ: ತಮ್ಮ ಏನನ್ನೋ ಮುಚ್ಚಿಡುತ್ತಿದ್ದಾನೆ. ಕಾಗದದ ರೂಪ ಹಾಡಿಗೆ ಕೊಡುವ ದೊಡ್ಡ ಲಾಭ ಇದೇ ಎಂದು ನನಗನಿಸುತ್ತದೆ. ಎರಡು ಚರಣಗಳ ಸುದ್ದಿಯೂ ಒಂದೇ ತೂಕದ್ದಾದರೆ ಇದು ನಡೆಯುವುದಿಲ್ಲ. ಚರಣಗಳನ್ನು ಅದಲುಬದಲು ಮಾಡಿ ಹಾಡಿ ನೋಡಬೇಕು. ಏನೂ ಕೆಡದಿದ್ದರೆ ಸುದ್ದಿ ಬೆಳೆದಿಲ್ಲವೆಂದೇ ಲೆಕ್ಕ.

ಸಹಿಗೆ ಬೇರೆ ಜಾಗ ಹುಡುಕಲಿಲ್ಲ. ಕೊನೆಯ ಸಲ ಪಲ್ಲವಿಯ ಎರಡನೇ ಸಾಲನ್ನು ತೆಗೆದು ಅಲ್ಲಿಗೆ ‘ಇಂತಿ ನಿನ್ನ ತಮ್ಮ’ ಎಂದು ಕೂರಿಸಿದೆ. ಅದೇ ಒಂಬತ್ತು ಮಾತ್ರೆ, ಕೊನೆಗೆ ಅದೇ ‘ಮ’. ‘ಕ್ಷೇಮ’ ಬರಲಿದೆಯೆಂದು ಕಾಯುವ ಕಿವಿಗೆ ಅದು ಸಿಗುವುದಿಲ್ಲ. ತಮ್ಮನಿಗೆ ಆ ಸುಳ್ಳು ಇನ್ನೊಮ್ಮೆ ಬರೆಯಲು ಕೈ ಬರಲಿಲ್ಲ ಎಂಬುದನ್ನು ಬೇರೆ ಹೇಳಬೇಕಾಗಲಿಲ್ಲ.

ಒಂದು ತೊಡಕು ಮಾತ್ರ ಹಾಡುವಾಗ ಗೊತ್ತಾಯಿತು. ‘ಕ್ಷೇ’ ದೀರ್ಘ, ಸ್ವರವನ್ನು ಅಲ್ಲಿ ಎಳೆಯಬಹುದು. ‘ತಮ್ಮ’ದ ‘ತ’ ಒತ್ತಕ್ಷರದ ಹಿಂದೆ ಇರುವುದರಿಂದ ಗುರುವಾದರೂ ಹ್ರಸ್ವವೇ; ಎಳೆದರೆ ‘ತಾಮ್ಮ’ ಆಗುತ್ತದೆ. ಗಾಯಕಿ ‘ತ’ವನ್ನು ಚಿಕ್ಕದಾಗಿ ಮುಗಿಸಿ, ಬಾಯಿ ಮುಚ್ಚಿ ‘ಮ್’ ಮೇಲೆ ಸ್ವರ ನಿಲ್ಲಿಸಿದರು. ಮಾತ್ರೆ ಸರಿಹೊಂದಿತು, ಪದವೂ ಕೆಡಲಿಲ್ಲ.