ಶೇರ್ಡ್ ಡ್ರೈವ್ ಆಹ್ವಾನದ ಅವಧಿ ಮುಗಿದಾಗ: ಕೆಲಸ ಮಾಡಿದ ಮೇಲ್

ನಾನು ಪುಟವಿನ್ಯಾಸ ಮಾಡಿಕೊಡುವ ಒಂದು ಪ್ರಕಾಶನದವರು ಶೇರ್‌ಪಾಯಿಂಟ್ ಫೋಲ್ಡರಿಗೆ ಆಹ್ವಾನ ಕಳಿಸಿದ್ದರು. ಕೆಲಸ ಶುರುವಾಗುವುದೇ ತಡವಾಯಿತು. ಅಷ್ಟರಲ್ಲಿ ಆಹ್ವಾನದ ಅವಧಿ ಮುಗಿದಿತ್ತು. ಸಂಪಾದಕರು ಹಳೇ ಲಿಂಕನ್ನೇ ಮತ್ತೆ ಕಳಿಸಿದರು, ಅದರಿಂದ ಏನೂ ಆಗಲಿಲ್ಲ. ಇದು ಅಡ್ಮಿನ್ ಮಾಡಬೇಕಾದ ಕೆಲಸ. ಹಾಗಾಗಿ ನೇರವಾಗಿ ಅವರಿಗೇ ಬರೆದೆ:

"ನಮಸ್ಕಾರ ಸರ್,
ನಿಮ್ಮ ಮಕ್ಕಳ ಪುಸ್ತಕ ಮಾಲೆಗೆ ಪುಟವಿನ್ಯಾಸ ಮಾಡುತ್ತಿದ್ದೇನೆ. ಗೆಸ್ಟ್ ಆಹ್ವಾನದ ಅವಧಿ ಮುಗಿದಿದೆ, ಸ್ಕ್ರೀನ್‌ಶಾಟ್ ಲಗತ್ತಿಸಿದ್ದೇನೆ. ಆಹ್ವಾನ ಬಂದಿದ್ದು ನಾನು ಈ ಮೇಲ್ ಕಳಿಸುತ್ತಿರುವ ವಿಳಾಸಕ್ಕೇ. ದಯವಿಟ್ಟು ಅದಕ್ಕೇ ಮತ್ತೆ ಕಳಿಸಿ. 'ಚಿತ್ರಗಳು' ಫೋಲ್ಡರಿಗೆ ಮಾತ್ರ Can edit ಸಾಕು, ಈ ತಿಂಗಳ ಕೊನೆಯವರೆಗೆ. ಸಂಪಾದಕರನ್ನು ಸಿಸಿಯಲ್ಲಿ ಸೇರಿಸಿದ್ದೇನೆ, ಬೇಕಿದ್ದರೆ ಅವರನ್ನು ಕೇಳಬಹುದು."

ಸಿಸಿ ಸುಮ್ನೆ ಹಾಕಿದ್ದಲ್ಲ. ಹೊರಗಿನವರು ಕೇಳಿದ ತಕ್ಷಣ ಯಾವ ಅಡ್ಮಿನ್ನೂ ಬಾಗಿಲು ತೆರೆಯಲ್ಲ, ತೆರೆಯಲೂಬಾರದು ಅಲ್ವಾ? ಒಳಗಿನವರೊಬ್ಬರು "ಹೌದು, ಕೊಡಿ" ಅಂದರೆ ಮಾತು ಮುಗಿಯಿತು. ಒಂದೇ ಫೋಲ್ಡರು, ಇಂತಿಷ್ಟು ದಿನ ಅಂತ ಕೇಳಿದರೆ ಒಪ್ಪುವುದೂ ಸುಲಭ.

ಅಡ್ಮಿನ್ ನೋಡಿದಾಗ ನನ್ನ ಗೆಸ್ಟ್ ಖಾತೆಯ ಮುಂದೆ Pending acceptance ಅಂತಿತ್ತು. ಅಂದರೆ ಖಾತೆ ಇದೆ, ಆಹ್ವಾನ ಒಪ್ಪಿಕೊಂಡಿಲ್ಲ. ಅಲ್ಲೇ ಇದ್ದ Resend invitation ಒತ್ತಿದರು. ಖಾತೆ ಅಳಿಸಿ ಹೊಸದು ಮಾಡಿದ್ದರೆ ಫೋಲ್ಡರಿನ ಅನುಮತಿಯನ್ನೂ ಮತ್ತೆ ಕೊಡಬೇಕಾಗುತ್ತಿತ್ತು.

ಹೊಸ ಲಿಂಕನ್ನು ಬ್ರೌಸರಿನ ಪ್ರೈವೇಟ್ ಕಿಟಕಿಯಲ್ಲಿ ತೆರೆದೆ. ಇಲ್ಲದಿದ್ದರೆ ಆಗಲೇ ಲಾಗಿನ್ ಆಗಿರುವ ಬೇರೆ ಖಾತೆ ನಡುವೆ ಬಂದು ಮತ್ತೆ ತಡೆಯಬಹುದು. ಫೋಲ್ಡರು ತೆರೆಯಿತು. ಒಂದು ಖಾಲಿ ಫೈಲ್ ಹಾಕಿ, ಅಳಿಸಿ ನೋಡಿದೆ. ಎರಡೂ ಆಯಿತು.